ಕಾರಣದ ಕೆಳಗೆ ಬರೆದದ್ದು

ಆ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಒಂದು ಅದಿರು ಕಂಪನಿಯ ಆಂತರಿಕ ಆಡಿಟ್ ವಿಭಾಗದಲ್ಲಿದ್ದೆ. ಆಡಿಟ್ ಎಂದರೆ ಮನೆಯವರೂ ನೆಂಟರೂ ನಾನು ದಿನವಿಡೀ ಲೆಕ್ಕದ ಪುಸ್ತಕ ನೋಡುತ್ತೇನೆ ಎಂದೇ ತಿಳಿದಿದ್ದರು. ನಮ್ಮ ಕೆಲಸ ಅದಷ್ಟೇ ಆಗಿರಲಿಲ್ಲ. ಕಂಪನಿ ತನಗೆ ತಾನೇ ಹಾಕಿಕೊಂಡ ನಿಯಮಗಳು ನಿಜಕ್ಕೂ ನಡೆಯುತ್ತಿವೆಯೇ ಎಂದು ಗಣಿಗೆ, ಉಗ್ರಾಣಕ್ಕೆ, ರೈಲ್ವೆ ಸೈಡಿಂಗಿಗೆ ಹೋಗಿ ನೋಡಿ, ನಡೆಯದೇ ಇದ್ದದ್ದನ್ನು ಬರೆಯುವುದು. ವಿಭಾಗದಲ್ಲಿ ಇದ್ದವರು ಇಬ್ಬರೇ. ನಾನು ಮತ್ತು ನಮ್ಮ ಮುಖ್ಯಸ್ಥರು. ಅವರು ಕಂಪ್ಲಿ ಕಡೆಯವರು, ನಾನು ಸೇರಿದಾಗ ನಿವೃತ್ತಿಗೆ ಐದು ವರ್ಷ ಉಳಿದಿತ್ತು, ಪೆನ್ಸಿಲ್ಲಿನಲ್ಲಿ ಮಾತ್ರ ತಿದ್ದುತ್ತಿದ್ದರು.

ಸೇರಿದ ಹೊಸದರಲ್ಲಿ ನಾನು ಬರೆದ ಮೊದಲ ಪುಟವನ್ನು ಅವರು ಹಾಗೆಯೇ ನನ್ನ ಕೈಗೆ ವಾಪಸು ಕೊಟ್ಟಿದ್ದರು. ಉಗ್ರಾಣದಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳು ಖಾಲಿ ಇವೆ, ಇದು ಬಹಳ ಅಪಾಯಕರ, ಕೂಡಲೇ ಸರಿಪಡಿಸಬೇಕು ಎಂದು ನಾನು ಬರೆದಿದ್ದೆ.

"ಇದು ದೂರು ಆತಮ್ಮ, ಫೈಂಡಿಂಗ್ ಆಗಲಿಲ್ಲ," ಎಂದರು. ಪುಟದ ಅಂಚಿನಲ್ಲಿ ಐದು ಗೆರೆ ಎಳೆದರು. "ನೋಡು. ನೀ ಕಣ್ಣಾರೆ ಏನು ಕಂಡಿ, ಅದು ಮೊದಲನೇದು. ಏನಿರಬೇಕಾಗಿತ್ತು, ಯಾವ ನಿಯಮದ ಪ್ರಕಾರ, ಅದು ಎರಡನೇದು. ಕಂಡದ್ದಕ್ಕೂ ಇರಬೇಕಾದದ್ದಕ್ಕೂ ನಡುವೆ ಅಂತರ ಯಾಕ ಬಂತು, ಅದು ಕಾರಣ. ಆ ಅಂತರದಿಂದ ಏನಾತು, ಇಲ್ಲಾ ಏನಾಗಬಹುದು, ಅದು ಪರಿಣಾಮ. ಕಡೀಗೆ ಶಿಫಾರಸು. ಶಿಫಾರಸು ಯಾವುದಕ್ಕ ಉತ್ತರ ಕೊಡಬೇಕು ಹೇಳು?"

"ಕಂಡದ್ದಕ್ಕೆ ಅಲ್ಲವಾ ಸರ್? ಸಿಲಿಂಡರ್ ಖಾಲಿ ಇದ್ದರೆ ತುಂಬಿಸಬೇಕು."

"ತುಂಬಿಸ್ತಾರ. ಮುಂದಿನ ವರ್ಷ ಮತ್ತ ಖಾಲಿ ಇರ್ತಾವ. ಶಿಫಾರಸು ಕಾರಣಕ್ಕ ಉತ್ತರ ಕೊಡಬೇಕಮ್ಮ. ತುಂಬಿಸೋದು ಯಾರ ಕೆಲಸ ಅಂತ ಯಾರಿಗೂ ವಹಿಸಿಲ್ಲ, ಅದು ಕಾರಣ. ಅದನ್ನ ಹಿಡಿ. ಯಾಕ ಅಂತ ಒಂದೇ ಸಲ ಕೇಳಿ ನಿಲ್ಲಬ್ಯಾಡ."

ನನಗೆ ಅದು ಹಿಡಿಸಿತು. ಐದು ಭಾಗಗಳಲ್ಲಿ ಬರೆದಾಗ ಮಾತಿನಲ್ಲಿ ಕೋಪ ಇರುವುದಿಲ್ಲ, ಓದಿದವರು ಅಲ್ಲಗಳೆಯಲು ಜಾಗವೂ ಇರುವುದಿಲ್ಲ ಎಂದು ಅನ್ನಿಸಿತ್ತು. ಮೂರು ವರ್ಷ ನಾನು ಹಾಗೆಯೇ ನಂಬಿ ಬರೆದೆ.

ಸಂಡೂರಿನ ಮೇಲಿದ್ದ ನಮ್ಮ ಗಣಿಗೆ ಆಡಿಟ್ಟಿಗೆ ಹೋದದ್ದು ಒಂದು ಜನವರಿಯಲ್ಲಿ. ಅಷ್ಟು ಹೊತ್ತಿಗೆ ಅದಿರಿನ ಬೇಡಿಕೆ ಹುಚ್ಚು ಹಿಡಿದಂತೆ ಏರಿತ್ತು. ಹೊಸಪೇಟೆ ದಾಟಿದರೆ ಸಾಕು, ರಸ್ತೆಯ ಒಂದು ಬದಿ ಪೂರ್ತಿ ಲಾರಿಗಳ ಸಾಲು. ಬೇವಿನ ಗಿಡಗಳ ಎಲೆ ಹಸಿರೋ ಕೆಂಪೋ ಹೇಳಲು ಬರುತ್ತಿರಲಿಲ್ಲ. ಕಂಪನಿಯ ಜೀಪು ಇಪ್ಪತ್ತೈದು ಕಿಲೋಮೀಟರಿಗೆ ಎರಡು ತಾಸು ತೆಗೆದುಕೊಳ್ಳುತ್ತಿತ್ತು. ನಾನು ಓಡಾಡಲೆಂದೇ ಇಟ್ಟುಕೊಂಡಿದ್ದ ಎರಡು ಸೀರೆಗಳು ಒಗೆದರೂ ಮಣ್ಣಿನ ಬಣ್ಣವನ್ನೇ ಹಿಡಿದುಬಿಟ್ಟಿದ್ದವು.

ಗಣಿಯ ಗೇಟಿನಲ್ಲಿ ಒಂದು ನಿಯಮವಿತ್ತು. ದಿನದ ಮೊದಲ ಟ್ರಿಪ್ಪಿಗೆ ಬರುವ ಪ್ರತಿ ಲಾರಿಯೂ ಗೇಟಿನ ಪಕ್ಕದ ರ‍್ಯಾಂಪ್ ಹತ್ತಬೇಕು. ರ‍್ಯಾಂಪ್ ಎಂದರೆ ಕಲ್ಲು, ಸಿಮೆಂಟಿನಿಂದ ಕಟ್ಟಿದ ಇಳಿಜಾರು. ಅದರ ಮಧ್ಯದಲ್ಲಿ ಲಾರಿ ನಿಲ್ಲಿಸಿ ಕಾಲಿನ ಬ್ರೇಕು, ಆಮೇಲೆ ಹ್ಯಾಂಡ್ ಬ್ರೇಕು ಹಿಡಿಯುತ್ತದೆಯೇ ಎಂದು ತಪಾಸಣೆಗಾರ ನೋಡಬೇಕು, ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡಬೇಕು, ರಿಜಿಸ್ಟರಿನಲ್ಲಿ ಲಾರಿಯ ನಂಬರು, ಸಮಯ ಬರೆದು ಸಹಿ ಹಾಕಬೇಕು. ಗಣಿಯಿಂದ ಕೆಳಗಿಳಿಯುವ ದಾರಿಯಲ್ಲಿ ನಾಲ್ಕು ತಿರುವುಗಳಿದ್ದವು. ಎರಡನೆಯ ತಿರುವಿನ ಕೆಳಗೇ ಜನ ಓಡಾಡುವ ಊರಿನ ರಸ್ತೆ. ಅದಕ್ಕಾಗಿ ಈ ನಿಯಮ.

ಗೇಟಿನಲ್ಲಿದ್ದ ತಪಾಸಣೆಗಾರ ಹತ್ತಿರದ ವಡ್ಡು ಎಂಬ ಊರಿನವರು. ನಲವತ್ತು ದಾಟಿದ್ದರು. ಮೊದಲು ಯಾವುದೋ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನು ರಿಜಿಸ್ಟರ್ ಕೇಳಿದಾಗ ತಂದುಕೊಟ್ಟು, ತಮ್ಮ ಸ್ಟೂಲನ್ನು ನನಗೆ ಬಿಟ್ಟು ಹೊರಗೆ ನಿಂತರು.

ರಿಜಿಸ್ಟರ್ ಚೆನ್ನಾಗಿತ್ತು. ಒಂದು ಸಾಲೂ ಖಾಲಿ ಇರಲಿಲ್ಲ. ನಾನು ಒಂದು ವಾರದ ಪುಟಗಳನ್ನು ಆರಿಸಿಕೊಂಡು, ಲಾರಿ ಒಳಗೆ ಹೋಗುವಾಗ ಕೊಡುವ ಅದೇ ದಿನಗಳ ತೂಕದ ಚೀಟಿಗಳ ಜೊತೆ ಇಟ್ಟು ನೋಡಿದೆ. ಬೆಳಿಗ್ಗೆ ಗೇಟು ತೆಗೆದ ಮೊದಲ ಅರ್ಧ ತಾಸಿನಲ್ಲಿ ಲಾರಿಗಳು ನಿಮಿಷಕ್ಕೊಂದರಂತೆ ಒಳಗೆ ಹೋಗಿದ್ದವು. ರ‍್ಯಾಂಪಿನ ಪರೀಕ್ಷೆ ಎಷ್ಟೇ ಅವಸರ ಮಾಡಿದರೂ ನಾಲ್ಕೈದು ನಿಮಿಷ ಬೇಕು. ಆಮೇಲೆ ಕಂಪನಿಯ ಗ್ಯಾರೇಜಿನ ಪುಸ್ತಕ ತರಿಸಿ ನೋಡಿದೆ. ಎಂಜಿನ್ ಬಿಚ್ಚಿ ಇಟ್ಟಿದ್ದ ಒಂದು ಲಾರಿಗೂ ಅದೇ ದಿನ ಬ್ರೇಕು ಸರಿ ಇದೆ ಎಂದು ಸಹಿ ಇತ್ತು.

ಹೊರಗೆ ಬಂದು, "ರ‍್ಯಾಂಪ್ ಎಲ್ಲಿದೆ, ತೋರಿಸುತ್ತೀರಾ?" ಎಂದು ಕೇಳಿದೆ.

ಅವರು ಗೇಟಿನ ಎಡಕ್ಕೆ ಕೈ ತೋರಿದರು. ಅಲ್ಲಿ ಎರಡು ಆಳೆತ್ತರಕ್ಕೆ ಅದಿರಿನ ರಾಶಿ ಇತ್ತು. ರಾಶಿಯ ಕೆಳಗೆ ಒಂದು ಕಡೆ ಸಿಮೆಂಟಿನ ಅಂಚು ಒಂದು ಗೇಣಿನಷ್ಟು ಕಾಣುತ್ತಿತ್ತು.

"ಇದರ ಕೆಳಗ ಐತ್ರಿ ಮೇಡಂ."

"ಯಾವಾಗಿನಿಂದ?"

"ದೀಪಾವಳಿಗಿಂತ ಮುಂಚೆ ಹಾಕಿದ್ರು ನೋಡ್ರಿ. ಒಳಗ ಸ್ಟಾಕಿಗೆ ಜಾಗ ಸಾಲವಲ್ದು, ಸ್ವಲ್ಪ ದಿನ ಇಲ್ಲೇ ಇರ್ಲಿ ಅಂದ್ರು."

"ಯಾರು ಅಂದದ್ದು?"

ಅವರು ಮೇಲಿನ ಆಫೀಸಿನ ಕಡೆ ನೋಡಿದರು. "ಫೋನಿನ್ಯಾಗ ಹೇಳಿದ್ರು. ಬರದು ಏನೂ ಕೊಟ್ಟಿಲ್ರಿ."

"ಮತ್ತೆ ಸಹಿ ಯಾಕೆ ಹಾಕುತ್ತಿದ್ದೀರಿ?"

"ಹಾಕ್ಲಿಲ್ಲಾಂದ್ರ ಲಾರಿ ನಿಂದ್ರತಾವ. ಹತ್ತು ನಿಮಿಷ ಸಾಲು ನಿಂತ್ರ ಮ್ಯಾಲಿಂದ ಫೋನ್ ಬರ್ತೈತಿ, ಯಾಕೋ ನಿಲ್ಸೀದಿ ಅಂತ. ಎರಡು ಸಲ ನಿಲ್ಸಿ ನೋಡೀನ್ರಿ ನಾನು. ಕೈಲಿಂದ ಆದಷ್ಟು ಗಾಲಿ ನೋಡ್ತೀನಿ ಮೇಡಂ. ಡ್ರೈವರ್‌ಗೆ ಕೇಳ್ತೀನಿ, ಬ್ರೇಕ್ ಹೆಂಗೈತಪ ಅಂತ. ಅಷ್ಟೇ," ಎಂದರು.

ಆ ದಿನ ಸಂಜೆ ಜೀಪಿನಲ್ಲಿ ಇಳಿಯುವಾಗ ನನ್ನ ಫೈಂಡಿಂಗ್ ತಲೆಯಲ್ಲಿ ಪೂರ್ತಿ ಬರೆದಾಗಿತ್ತು. ಕಂಡದ್ದು: ಪರೀಕ್ಷೆಯಿಲ್ಲದೆ ಸಹಿಗಳು. ಇರಬೇಕಾದದ್ದು: ಕಂಪನಿಯದೇ ಲಿಖಿತ ನಿಯಮ. ಕಾರಣ: ಸಾಗಣೆಯ ಗುರಿ ಏರಿಸಿದ ಮೇಲೆ ಸ್ಟಾಕಿಗೆ ಜಾಗ ಸಾಲದೆ ರ‍್ಯಾಂಪನ್ನೇ ಮುಚ್ಚಿದ್ದಾರೆ, ಗೇಟಿನಲ್ಲಿ ಇರುವುದು ಒಬ್ಬರೇ, ಲಾರಿ ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಪರಿಣಾಮ: ಬ್ರೇಕು ಕೆಟ್ಟ ಲಾರಿ ತುಂಬಿದ ಅದಿರಿನೊಂದಿಗೆ ಆ ತಿರುವುಗಳಲ್ಲಿ ಇಳಿಯಬಹುದು. ಶಿಫಾರಸು: ರಾಶಿ ತೆಗೆಯಿರಿ, ಇನ್ನೊಬ್ಬರನ್ನು ಹಾಕಿರಿ, ಪರೀಕ್ಷೆ ಆಗದ ಲಾರಿಯನ್ನು ನಿಲ್ಲಿಸುವ ಅಧಿಕಾರವನ್ನು ಬರೆದು ಕೊಡಿರಿ. ಒಂದೊಂದೂ ಹಿಂದಿನದಕ್ಕೆ ಸರಪಳಿಯ ಹಾಗೆ ಸಿಕ್ಕಿಕೊಂಡಿತ್ತು. ನನಗೆ ಖುಷಿಯೇ ಆಗಿತ್ತು ಎನ್ನಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ಮುಖ್ಯಸ್ಥರು ಕರಡನ್ನು ಎರಡು ಸಲ ಓದಿದರು. ಕಾರಣದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಪ್ರಶ್ನೆ ಚಿಹ್ನೆ ಹಾಕಿದರು.

"ಕಂಡದ್ದಕ್ಕ ಸಾಕ್ಷಿ ಐತಿ, ತೂಕದ ಚೀಟಿ, ಗ್ಯಾರೇಜಿನ ಪುಸ್ತಕ. ನಿಯಮ ಐತಿ. ರಾಶೀದು ಫೋಟೋನೂ ಐತಿ. ಆದ್ರ ಗುರಿಗೋಸ್ಕರ ಮುಚ್ಚಿದ್ರು, ನಿಲ್ಸಿದ್ರ ಬೈದ್ರು ಅಂತೀಯಲ್ಲ, ಅದಕ್ಕ ಏನೈತಿ?"

"ಗೇಟಿನವರೇ ಹೇಳಿದರು ಸರ್."

"ಬಾಯಲ್ಲಿ ಹೇಳಿದ್ದು ಮೀಟಿಂಗಿನ್ಯಾಗ ನಿಲ್ಲೋದಿಲ್ಲಮ್ಮ. ಮೈನ್ಸ್ ಮ್ಯಾನೇಜರ್ ಇಲ್ಲ ಅಂದ್ರ ಮುಗೀತು. ಬರಹದಾಗ ಇದ್ರ ನಾನು ಹೊಡೆದಾಡ್ತೀನಿ."

ಹಾಗಾಗಿ ನಾನು ಮತ್ತೆ ಗೇಟಿಗೆ ಹೋದೆ. ನನಗೆ ಹೇಳಿದ್ದನ್ನು ಬರೆದುಕೊಡಿ ಎಂದು ತಪಾಸಣೆಗಾರರನ್ನು ಕೇಳಿದೆ.

ಅವರು ಒಪ್ಪಲಿಲ್ಲ. "ಬ್ಯಾಡ್ರಿ ಮೇಡಂ. ನೀವು ನೋಡೀರಲ್ಲ, ನೀವೇ ಬರ್ಕೋರಿ," ಎಂದರು. ನಾನು ಬಿಡಲಿಲ್ಲ. ರ‍್ಯಾಂಪ್ ಮುಚ್ಚಿದ್ದು ನಿಮ್ಮ ತಪ್ಪಲ್ಲ ಎಂದು ಗೊತ್ತಾಗಲು ಅದೊಂದೇ ದಾರಿ ಎಂದೆ. ನಿಮ್ಮ ಹೆಸರು ವರದಿಯಲ್ಲಿ ಬರುವುದಿಲ್ಲ, ನಾವು ಯಾರ ಹೆಸರನ್ನೂ ಬರೆಯುವುದಿಲ್ಲ ಎಂದೆ. ಅದು ನಿಜವೇ. ನಮ್ಮ ವರದಿಗಳಲ್ಲಿ ಹೆಸರುಗಳಿರುತ್ತಿರಲಿಲ್ಲ, ಹುದ್ದೆಗಳು ಮಾತ್ರ. ಆ ಗೇಟಿನಲ್ಲಿ ಆ ಹುದ್ದೆಯವರು ಅವರೊಬ್ಬರೇ ಎಂಬುದು ಆಗ ನನಗೆ ಹೊಳೆಯಲಿಲ್ಲವೋ, ಹೊಳೆದರೂ ಪಕ್ಕಕ್ಕೆ ಇಟ್ಟೆನೋ, ಇಂದಿಗೂ ನಿಶ್ಚಯವಾಗಿ ಹೇಳಲಾರೆ.

ಅವರು ಸಾಲಿನಲ್ಲಿದ್ದ ಇನ್ನೂ ನಾಲ್ಕು ಲಾರಿಗಳನ್ನು ಒಳಗೆ ಬಿಟ್ಟರು. ಆಮೇಲೆ ಪೆನ್ನು ಕೇಳಿದರು. ಗೇಟಿನ ಗೂಡಿನಲ್ಲಿ ಕುಳಿತು, ದುಂಡಗಿನ ಅಕ್ಷರದಲ್ಲಿ, ಒಂದು ಪುಟದ ತುಂಬ ಬರೆದರು. ರ‍್ಯಾಂಪಿನ ಮೇಲೆ ಅದಿರು ಹಾಕಿದ್ದು, ಎರಡು ಸಲ ಲಾರಿ ನಿಲ್ಲಿಸಿದ್ದು, ಎರಡು ಸಲವೂ ಮೇಲಿನಿಂದ ಬೈಸಿಕೊಂಡದ್ದು, ಅಂದಿನಿಂದ ಪರೀಕ್ಷೆ ಮಾಡದೆ ಸಹಿ ಹಾಕುತ್ತಿರುವುದು. ಕೊನೆಯಲ್ಲಿ "ಇದು ಸತ್ಯ" ಎಂದು ಬರೆದು ಸಹಿ ಹಾಕಿದರು.

"ಇದ್ರಿಂದ ರ‍್ಯಾಂಪ್ ಮ್ಯಾಲಿನ ಅದಿರು ತೆಗಿತಾರೇನ್ರಿ?"

"ತೆಗೆಯಲೇಬೇಕಾಗುತ್ತದೆ," ಎಂದೆ.

ಕರಡು ವರದಿಯ ಮೇಲೆ ಚರ್ಚೆ ಮೇಲಿನ ಆಫೀಸಿನಲ್ಲಿ ನಡೆಯಿತು. ಮೇಜಿನ ಆ ಬದಿ ಮೈನ್ಸ್ ಮ್ಯಾನೇಜರು, ಈ ಬದಿ ನಾನು ಮತ್ತು ಮುಖ್ಯಸ್ಥರು. ಮ್ಯಾನೇಜರು ಕೆಟ್ಟ ಮನುಷ್ಯರೆಂದು ನನಗೆ ಎಂದೂ ಅನ್ನಿಸಿದ್ದಿಲ್ಲ. ನಿದ್ದೆಗೆಟ್ಟ ಕಣ್ಣು, ಪದೇ ಪದೇ ಅದುರುವ ಎರಡು ಫೋನು. ನಮಗೆ ಚಹಾ, ಮಂಡಕ್ಕಿ ತರಿಸಿದರು. ಕಂಡದ್ದನ್ನು ಓದಿದಾಗ ತಲೆಯಾಡಿಸಿದರು. ನಿಯಮಕ್ಕೂ ತಲೆಯಾಡಿಸಿದರು. ಕಾರಣಕ್ಕೆ ಬಂದಾಗ ತಪಾಸಣೆಗಾರರ ಹೇಳಿಕೆಯ ಪ್ರತಿಯನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದರು.

"ಮೇಡಮ್ಮೋರೆ, ಇದರಾಗ ಅವನೇ ಒಪ್ಪಿಕೊಂಡಾನಲ್ಲ. ಪರೀಕ್ಷೆ ಮಾಡಲಾರ್ದ ಸೈನ್ ಹಾಕ್ತಿದ್ದೆ ಅಂತ."

"ಅದರ ಮುಂದಿನದನ್ನೂ ಓದಿ ಸರ್. ಯಾಕೆ ಹಾಕಬೇಕಾಯಿತು ಅಂತಲೂ ಬರೆದಿದ್ದಾರೆ."

"ಅದು ಅವನು ಹೇಳೋದು. ಫೋನ್ ಮಾಡಿದ್ದು ಯಾರು? ಎಲ್ಲಿ ರೆಕಾರ್ಡ್ ಐತಿ? ಅದಿರು ಹಾಕಿದ್ದು ಟೆಂಪರರಿ. ರ‍್ಯಾಂಪ್ ಇಲ್ಲಾಂದ್ರ ಸಮ ನೆಲದಾಗ ನೋಡ್ಬಹುದಿತ್ತು. ನನಗ ಬರದು ತಿಳಿಸ್ಬಹುದಿತ್ತು. ತಿಳಿಸಿದನಾ?" ಎಂದರು. ಆಮೇಲೆ ಪರಿಣಾಮದ ಸಾಲಿನ ಮೇಲೆ ಬೆರಳಿಟ್ಟರು. "ಎಲ್ಲಿ ಆಗೇತ್ರಿ ಇದು? ಇವತ್ತಿನ ತನಕ ಒಂದು ಅಪಘಾತ ಇಲ್ಲ. ಇದಕ್ಕ ಹೈ ರಿಸ್ಕ್ ಅಂತ ಹೆಂಗ ಹಾಕ್ತೀರಿ?"

ಪರಿಣಾಮ ಎಂದರೆ ಆಗಿಹೋದದ್ದೇ ಆಗಬೇಕಿಲ್ಲ, ಆಗಬಹುದಾದದ್ದೂ ಪರಿಣಾಮವೇ ಎಂದು ಮುಖ್ಯಸ್ಥರು ಹೇಳಿದರು. ಅವರು ಸುಮಾರು ಮುಕ್ಕಾಲು ತಾಸು ವಾದಿಸಿದರು. ಕೊಟ್ಟ ಮಾತಿನಂತೆ ಹೊಡೆದಾಡಿದರು, ಅದನ್ನು ನಾನು ಇಲ್ಲಿ ಬರೆಯಲೇಬೇಕು. ಒಂದು ಹಂತದಲ್ಲಿ ಮ್ಯಾನೇಜರು ಬೆಂಗಳೂರಿನ ಹಿರಿಯ ಅಧಿಕಾರಿಗೆ ಫೋನು ಹಚ್ಚಿ ಮುಖ್ಯಸ್ಥರ ಕೈಗೆ ಕೊಟ್ಟರು. ಮುಖ್ಯಸ್ಥರು ಫೋನು ಹಿಡಿದು ಕಿಟಕಿಯ ಕಡೆ ತಿರುಗಿ, "ಹೌದ್ರಿ ಸರ್... ಇಲ್ರಿ ಸರ್... ಅದು ಸರಿ ಸರ್," ಎನ್ನುತ್ತಿದ್ದುದು ಕೇಳಿಸಿತು. ಫೋನಿಟ್ಟ ಮೇಲೆ ಅವರು ನನ್ನ ಮುಖ ನೋಡಲಿಲ್ಲ.

ಅಂತಿಮ ವರದಿ ಎರಡು ವಾರದ ನಂತರ ಹೊರಟಿತು. ಐದು ಭಾಗಗಳೂ ಇದ್ದವು. ಕಂಡದ್ದು: ತಪಾಸಣೆಗಾರನ ಲಿಖಿತ ಒಪ್ಪಿಗೆಯ ಪ್ರಕಾರ, ಪರೀಕ್ಷೆ ಮಾಡದೆ ಸಹಿ ಹಾಕಲಾಗಿದೆ. ನಿಯಮ: ಇದ್ದದ್ದೇ. ಕಾರಣ: ತಪಾಸಣೆಗಾರನ ನಿರ್ಲಕ್ಷ್ಯ, ತರಬೇತಿಯ ಕೊರತೆ. ಪರಿಣಾಮ: ದಾಖಲೆಗಳು ನಂಬಲು ಯೋಗ್ಯವಾಗಿಲ್ಲ. ಅಪಾಯದ ಮಟ್ಟ: ಮಧ್ಯಮ. ಶಿಫಾರಸು: ತಪಾಸಣೆಗಾರನ ಮೇಲೆ ಸೂಕ್ತ ಕ್ರಮ ಕೈಗೊಂಡು, ಆ ಜಾಗದಲ್ಲಿ ತರಬೇತಿ ಪಡೆದವರನ್ನು ನೇಮಿಸುವುದು. ಅದರ ಕೆಳಗೆ ಆಡಳಿತದ ಉತ್ತರ, ಒಪ್ಪಿದೆ ಎಂದು. ಜವಾಬ್ದಾರರು ಯಾರು, ಯಾವ ತಿಂಗಳ ಒಳಗೆ ಎಂಬುದೂ ಇತ್ತು.

ಶಿಫಾರಸು ಕಾರಣಕ್ಕೆ ಉತ್ತರ ಕೊಡಬೇಕು ಎಂದು ಕಲಿಸಿದ್ದರಲ್ಲ, ಕೊಡುತ್ತಿತ್ತು. ಕಾರಣವನ್ನು ಒಂದು ಸಾಲಿನಲ್ಲಿ ಬದಲಿಸಿದರು, ಕೆಳಗಿನದೆಲ್ಲ ತಾನಾಗಿಯೇ ಬದಲಾಯಿತು. ವ್ಯಾಕರಣದಂತೆ ಸರಿಯಾಗಿತ್ತು. ಅದಿರಿನ ರಾಶಿಯ ಹೆಸರು ಇಡೀ ಪುಟದಲ್ಲಿ ಎಲ್ಲೂ ಇರಲಿಲ್ಲ.

"ನನ್ನ ಸಹಿ ಇದಕ್ಕೆ ಬೇಡ ಸರ್," ಎಂದೆ.

"ನಿನ್ನ ಸಹಿ ಬೇಕಿಲ್ಲಮ್ಮ, ನನ್ನದೈತಿ," ಎಂದರು. "ನಿನ್ನ ಮೂಲ ಕರಡು, ಹೇಳಿಕೆ, ಫೋಟೋ ಎಲ್ಲಾ ವರ್ಕಿಂಗ್ ಪೇಪರ್ ಫೈಲಿನ್ಯಾಗ ಇಟ್ಟೀನಿ. ಯಾರಾದ್ರೂ ಕೇಳಿದ್ರ ತೆಗೆದು ತೋರಿಸ್ಬಹುದು."

ಯಾರು ಕೇಳಬೇಕಿತ್ತು ಎಂದು ನಾನು ಆಗ ಕೇಳಲಿಲ್ಲ.

ತಪಾಸಣೆಗಾರರನ್ನು ಅದೇ ತಿಂಗಳು ಕೆಲಸದಿಂದ ತೆಗೆದರು. ನನಗೆ ತಿಳಿದದ್ದು ಜೀಪಿನ ಡ್ರೈವರಿನಿಂದ. ಮುಂದಿನ ಭಾನುವಾರ ನಾನು ಬಸ್ಸು ಹಿಡಿದು ವಡ್ಡಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಗೇಟಿನಲ್ಲಿ ಕೆಲಸ ಹೋದವರ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಅವರು ಇರಲಿಲ್ಲ, ಕೆಲಸ ಕೇಳಲು ತೋರಣಗಲ್ಲಿನ ಕಡೆ ಹೋಗಿದ್ದರು. ಹೆಂಡತಿ ಇದ್ದರು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ.

ಆಕೆ ಮೊರ ಕೆಳಗಿಟ್ಟು ನನ್ನನ್ನು ನೋಡಿದರು. ಬೈಯುತ್ತಾರೆಂದು ನಾನು ಕಾದೆ.

"ಬರ್ರಿ ಅಕ್ಕಾರ, ಕುಂದ್ರಿ," ಎಂದರು. ನೀರು ತಂದುಕೊಟ್ಟರು. ಮತ್ತೆ ಮೊರ ಎತ್ತಿಕೊಂಡರು. ಜೋಳ ಕೇರುತ್ತಲೇ, "ನಿಮಗ ಬರ್ಕೊಟ್ಟ ದಿನ ಮನಿಗೆ ಬಂದು ಹೇಳಿದ್ರು ನೋಡ್ರಿ ನಮ್ಮನಿಯವರು. ಭಾಳ ದಿನದ ಮ್ಯಾಲ ನಿರುಮ್ಮಳ ಆತು ಅಂದ್ರು. ಅವತ್ತು ಛಲೋ ಊಟ ಮಾಡಿದ್ರು," ಎಂದರು.

ನಾನು ಬರೆದದ್ದು ಬೇರೆ, ಆಫೀಸಿನವರು ಬದಲಿಸಿದರು ಎಂದೆ. ಆಕೆ ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ. ಅರ್ಥವಾದರೂ ಅದರಿಂದ ಆಕೆಗೆ ಆಗಬೇಕಾದದ್ದು ಏನೂ ಇರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನೆವ ಹೇಳಿ ಎದ್ದೆ. ಬಸ್ಸು ಬರಲು ಇನ್ನೂ ಒಂದು ತಾಸಿತ್ತು. ಆ ತಾಸು ರಸ್ತೆಯ ಬದಿಯಲ್ಲಿ, ಹಾಯುವ ಲಾರಿಗಳ ದೂಳಿನಲ್ಲಿ ನಿಂತಿದ್ದೆ.

ಮೂರು ತಿಂಗಳ ನಂತರ ಅನುಸರಣೆಯ ಪರಿಶೀಲನೆಗೆ ಹೋದೆ. ಹಿಂದಿನ ವರದಿಯಲ್ಲಿ ಹೇಳಿದ್ದನ್ನು ಮಾಡಿದ್ದಾರೆಯೇ ಎಂದು ನೋಡಿ ಬರುವುದು ಅಷ್ಟೇ. ಗೇಟಿನಲ್ಲಿ ಹೊಸ ತಪಾಸಣೆಗಾರ ಇದ್ದರು. ತರಬೇತಿಯ ಹಾಜರಿ ಹಾಳೆ ಫೈಲಿನಲ್ಲಿತ್ತು. ಅದಿರಿನ ರಾಶಿ ಮೊದಲಿಗಿಂತ ದೊಡ್ಡದಾಗಿ ಅಲ್ಲೇ ಇತ್ತು, ಸಿಮೆಂಟಿನ ಅಂಚೂ ಈಗ ಕಾಣುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ.

ನಾನು ಅದನ್ನೆಲ್ಲ ಬರೆದೆ. ಮುಖ್ಯಸ್ಥರು ಓದಿ, "ಅನುಸರಣೆಯಾಗ ಶಿಫಾರಸು ಜಾರಿ ಆತಾ ಇಲ್ಲಾ ಅಷ್ಟೇ ಕೇಳ್ತಾರಮ್ಮ," ಎಂದರು. "ಕ್ರಮ ಕೈಗೊಂಡಾರ. ನೇಮಕ ಮಾಡ್ಯಾರ. ತರಬೇತಿ ಕೊಟ್ಟಾರ. ಜಾರಿ ಆಗೇತಿ."

"ರ‍್ಯಾಂಪ್?"

"ಶಿಫಾರಸಿನ್ಯಾಗ ರ‍್ಯಾಂಪ್ ಎಲ್ಲೈತಿ? ಅದಕ್ಕ ಹೊಸಾ ಫೈಂಡಿಂಗೇ ಬರೀಬೇಕು. ಮುಂದಿನ ಆಡಿಟ್ಟಿನ ಪ್ಲಾನಿನ್ಯಾಗ ಹಾಕ್ತೀನಿ. ಇದೇ ವರ್ಷ ಹಾಕ್ತೀನಿ, ಆಯ್ತಾ?"

ಅವರ ಧ್ವನಿಯಲ್ಲಿ ನನ್ನನ್ನು ಬೇಡಿಕೊಳ್ಳುವಂಥದ್ದು ಏನೋ ಇತ್ತು. ನಾನು ನಮೂನೆಯಲ್ಲಿ 'ಜಾರಿಯಾಗಿದೆ, ಮುಕ್ತಾಯ' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಅದರಲ್ಲಿ ಬರೆದ ಒಂದೊಂದು ಅಕ್ಷರವೂ ನಿಜವಾಗಿತ್ತು.

ಅಪಘಾತವಾದದ್ದು ಮಳೆಗಾಲ ಶುರುವಾದ ಮೇಲೆ. ತುಂಬಿದ ಲಾರಿ ಬ್ರೇಕು ಹಿಡಿಯದೆ ಎರಡನೆಯ ತಿರುವಿನಲ್ಲಿ ಹಿಡಿತ ತಪ್ಪಿತು. ಡ್ರೈವರು ಬುಕ್ಕಸಾಗರದವರು, ಹಳಬರು. ಕೆಳಗಿನ ರಸ್ತೆಯಲ್ಲಿ ಜನ ಇದ್ದುದನ್ನು ನೋಡಿ ಲಾರಿಯನ್ನು ಗುಡ್ಡದ ಗೋಡೆಗೆ ತಿರುಗಿಸಿದರಂತೆ. ಕೆಳಗೆ ಯಾರಿಗೂ ಏನೂ ಆಗಲಿಲ್ಲ. ಅವರ ಎರಡೂ ಕಾಲು ಸ್ಟೀರಿಂಗಿನ ಕೆಳಗೆ ಸಿಕ್ಕಿಕೊಂಡು, ಬಲಗಾಲನ್ನು ಮೊಣಕಾಲಿನ ಮೇಲಿನಿಂದಲೇ ಕತ್ತರಿಸಿ ತೆಗೆಯಬೇಕಾಯಿತು. ಹೊಸಪೇಟೆಯ ಆಸ್ಪತ್ರೆಯಲ್ಲಿದ್ದರು, ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಹೋಗಲಿಲ್ಲ. ದಿನಾ ಹೋಗಬೇಕು ಅಂದುಕೊಳ್ಳುತ್ತಿದ್ದೆ, ದಿನಾ ಬೇರೆ ದಾರಿಯಿಂದ ಮನೆ ಸೇರುತ್ತಿದ್ದೆ.

ಒಂದು ವಾರದ ಮೇಲೆ ಮೈನ್ಸ್ ಮ್ಯಾನೇಜರ ಆಫೀಸಿನಿಂದ ಫೋನು ಬಂತು. ಒಳಗಿನ ವಿಚಾರಣೆಗೆ ನಮ್ಮ ಜನವರಿಯ ವರದಿಯ ಪ್ರತಿ ಬೇಕಂತೆ. ಕೊನೆಗೂ ಕೇಳಿದರಲ್ಲ ಎಂದುಕೊಂಡು ನಾನು ವರ್ಕಿಂಗ್ ಪೇಪರ್ ಫೈಲು ಪೂರ್ತಿ ಎತ್ತಿಕೊಂಡು ಹೋದೆ. ಮೂಲ ಕರಡು, ಕೈಬರಹದ ಹೇಳಿಕೆ, ಫೋಟೋಗಳು.

ಅಲ್ಲಿದ್ದ ಅಧಿಕಾರಿ ಫೈಲು ಮುಟ್ಟಲಿಲ್ಲ. "ಕರಡು ಬ್ಯಾಡ್ರಿ ಮೇಡಂ, ಫೈನಲ್ ಅಷ್ಟೇ ಸಾಕು," ಎಂದರು. "ಕರಡು ಅಂದ್ರ ಒಪ್ಪಿಗೆ ಆಗದ ಕಾಗದ. ವಿಚಾರಣೆಯಾಗ ತಗೊಳ್ಳಾಕ ಬರೋದಿಲ್ಲ."

"ಇದರಲ್ಲಿ ಕಾರಣ ಇದೆ ಸರ್. ಒಂದು ಸಲ ಓದಿ ನೋಡಿ."

"ಫೈನಲ್‌ನಾಗೂ ಕಾರಣ ಐತಲ್ರಿ."

ವಿಚಾರಣೆಯ ವರದಿಯನ್ನು ಆಮೇಲೆ ನಾನು ಓದಿದೆ. ಗೇಟಿನ ತಪಾಸಣೆಯಲ್ಲಿ ನಿರ್ಲಕ್ಷ್ಯವಿದ್ದುದನ್ನು ಆಂತರಿಕ ಆಡಿಟ್ ವಿಭಾಗ ತಿಂಗಳುಗಳ ಹಿಂದೆಯೇ ಗುರುತಿಸಿತ್ತು, ಆಡಳಿತ ಕೂಡಲೇ ಕ್ರಮ ಕೈಗೊಂಡಿತ್ತು, ಅನುಸರಣೆಯ ಪರಿಶೀಲನೆಯಲ್ಲಿ ಅದು ದೃಢಪಟ್ಟಿತ್ತು, ಆದರೂ ಹೊಸ ತಪಾಸಣೆಗಾರ ಅದೇ ತಪ್ಪು ಮಾಡಿದ್ದಾನೆ ಎಂದಿತ್ತು. ಅವರನ್ನೂ ತೆಗೆದರು. ಅನುಸರಣೆ ಎಂಬಲ್ಲಿ ಉಲ್ಲೇಖಿಸಿದ್ದ ನಮೂನೆ ನನ್ನದು.

ಮುಖ್ಯಸ್ಥರಿಗೆ ನಾನು ಒಂದು ಪತ್ರ ಬರೆದೆ. ಮೂಲ ಕರಡನ್ನು ನಿರ್ದೇಶಕರ ಆಡಿಟ್ ಸಮಿತಿಯ ಮುಂದೆ ಇಡಬೇಕು ಎಂದು ಕೇಳಿದೆ. ಅವರು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬೆಂಗಳೂರಿನ ರೈಲು ಹತ್ತಿದರು. ಮೂರನೆಯ ದಿನ ಆಫೀಸಿಗೆ ಬಂದವರು ಬಾಗಿಲು ಮುಚ್ಚಿ ನನ್ನ ಎದುರು ಕುಳಿತರು.

"ಇಟ್ಟೆ," ಎಂದರು. "ಒಬ್ಬ ಸದಸ್ಯರು ಪೂರ್ತಿ ಓದಿದ್ರು. ರ‍್ಯಾಂಪ್ ಯಾಕ ಮುಚ್ಚಿದ್ರಿ ಅಂತ ಸರಿಯಾಗೇ ಕೇಳಿದ್ರು. ಹೊಸಾ ರ‍್ಯಾಂಪ್ ಮಂಜೂರು ಮಾಡೀವಿ ಅಂತ ಉತ್ತರ ಬಂತು. ಹಂಗಾದ್ರ ಆತು ಅಂದ್ರು. ಮುಂದಿನ ವಿಷಯಕ್ಕ ಹೋದ್ರು."

"ಅಷ್ಟೇನಾ ಸರ್?"

"ಐದು ನಿಮಿಷ ಕೊಟ್ಟಿದ್ರಮ್ಮ." ಪೆನ್ಸಿಲ್ಲನ್ನು ಎರಡು ಬೆರಳಿನಲ್ಲಿ ಹೊರಳಿಸುತ್ತ ಕುಳಿತರು. "ಜನವರಿಯಾಗ ನಾನು ಸಹಿ ಹಾಕಬಾರದಿತ್ತು. ಹಾಕ್ಲಿಲ್ಲಾಂದ್ರ ಬ್ಯಾರೆ ಯಾರೋ ಹಾಕ್ತಿದ್ರು. ಅದು ನೆಪ ಅಂತ ನನಗೂ ಗೊತ್ತೈತಿ."

ವಡ್ಡಿನ ತಪಾಸಣೆಗಾರರೂ ತಮ್ಮ ಸಹಿಯ ಬಗ್ಗೆ 'ಹಾಕ್ಲಿಲ್ಲಾಂದ್ರ' ಎಂದೇ ಶುರು ಮಾಡಿದ್ದರಲ್ಲವೇ ಎಂದು ನನಗೆ ಅನ್ನಿಸಿತು. ಅನುಸರಣೆಯ ನಮೂನೆಗೆ ನಾನು ಹಾಕಿದ ಸಹಿಯೂ ಫೈಲಿನಲ್ಲಿತ್ತು.

ಹೊಸ ರ‍್ಯಾಂಪ್ ನಿಜವಾಗಿ ಕಟ್ಟಿದರು. ಅದರ ಫೋಟೋ ನಮಗೂ ಕಳಿಸಿದರು, ಬಣ್ಣ ಹೊಡೆದು ಬೋರ್ಡು ಹಾಕಿದ್ದರು. ಮುಂದಿನ ಆಡಿಟ್ಟಿನಲ್ಲಿ ನಾನು ಹೋಗಿ ನೋಡಿದಾಗ ಅದು ಖಾಲಿ ಲಾರಿಗಳು ಒಳಗೆ ಬರುವ ಬದಿಯಲ್ಲಿ ಇರಲಿಲ್ಲ. ಅದನ್ನು ಹತ್ತಬೇಕಾದರೆ ಲಾರಿ ಸಾಲು ಬಿಟ್ಟು, ತುಂಬಿ ಬರುವ ಲಾರಿಗಳನ್ನು ಅಡ್ಡ ದಾಟಿ ಹೋಗಬೇಕಿತ್ತು. ಅದರ ಸಿಮೆಂಟಿನ ಮೇಲೆ ಒಂದು ಟೈರಿನ ಗುರುತೂ ಇರಲಿಲ್ಲ. ನಾನು ಮತ್ತೆ ಐದು ಭಾಗಗಳಲ್ಲಿ ಬರೆದೆ. ಆ ಸಲ ಮುಖ್ಯಸ್ಥರು ಕಾರಣದ ಸಾಲನ್ನು ಯಾರಿಗೂ ಮುಟ್ಟಗೊಡಲಿಲ್ಲ, ಆಡಳಿತ ಬೇಕಾದರೆ ಒಪ್ಪುವುದಿಲ್ಲ ಎಂದು ಕೆಳಗೆ ಬರೆಯಲಿ ಎಂದರು. ಆಡಳಿತ ಹಾಗೆಯೇ ಬರೆಯಿತು. ವರದಿ ಎರಡೂ ಅಭಿಪ್ರಾಯಗಳೊಂದಿಗೆ ಹೋಯಿತು. ಆಮೇಲೆ ಅದರ ಬಗ್ಗೆ ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಮುಖ್ಯಸ್ಥರು ನಿವೃತ್ತರಾದರು. ಮುಂದಿನ ವರ್ಷ ನಾನೂ ಬಿಟ್ಟೆ.

ವಡ್ಡಿನ ಆ ತಪಾಸಣೆಗಾರರನ್ನು ನಾನು ಇನ್ನೊಮ್ಮೆ ನೋಡಿದ್ದು, ಕೆಲಸ ಬಿಡುವ ಸ್ವಲ್ಪ ಮುಂಚೆ, ಕಂಪ್ಲಿಯಲ್ಲಿ, ನೆಂಟರ ಮನೆಯ ಕಾರ್ಯಕ್ಕೆ ಹೋದಾಗ. ಅವರು ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಗಿರಣಿಯ ಮುಂದೆ ನಿಂತಿದ್ದವರು ನನ್ನ ಗುರುತು ಹಿಡಿದು ಅವರೇ ಕರೆದರು. ತಲೆ, ಹುಬ್ಬು ಎಲ್ಲ ತೌಡಿನಿಂದ ಬೆಳ್ಳಗಾಗಿತ್ತು. ಆರಾಮ ಇದ್ದೀರಾ ಎಂದು ಅವರೇ ಕೇಳಿದರು. ನಾನು ಕ್ಷಮೆ ಕೇಳಿದೆ.

"ಇರ್ಲಿ ಬಿಡ್ರಿ ಮೇಡಂ," ಎಂದರು. ಕೈಯ ತೌಡು ಒರೆಸಿಕೊಳ್ಳುತ್ತ, "ಈಗ ಗೇಟಿನ್ಯಾಗ ಯಾರದಾರ್ರಿ?" ಎಂದು ಕೇಳಿದರು.

"ಮತ್ತೊಬ್ಬರು ಬಂದಿದ್ದಾರೆ. ನನಗೆ ಪರಿಚಯವಿಲ್ಲ."

"ಅವನಿಗೆ ಒಂದು ಮಾತು ಹೇಳ್ರಿ," ಎಂದರು, ಸಿಟ್ಟಿಲ್ಲದೆ, ಮನೆಯವರಿಗೆ ಏನೋ ತಿಳಿಸಲು ಹೇಳಿದಂತೆ. "ಯಾರು ಕೇಳಿದ್ರೂ ಬರದು ಕೊಡಬ್ಯಾಡ ಅನ್ರಿ."

ಒಳಗಿನಿಂದ ಯಾರೋ ಕೂಗಿದರು, ಬೆಲ್ಟು ಜಾರಿತ್ತು. ಅವರು ಓಡಿದರು. ನಾನು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತೋ ಹೇಳಬಾರದಿತ್ತೋ, ನನಗೆ ತಿಳಿಯಲಿಲ್ಲ.